ಅನುಮಾನದ ವಾಕ್ಯವನ್ನು ತಿದ್ದದೆ ಬಿಟ್ಟಾಗ ಕಾರ್ಯದರ್ಶಿಗಳಿಗೆ ಏನೆಂದು ಬರೆಯಬೇಕು?

ಪ್ರಶ್ನೆ: ಒಂದು ಪತ್ತಿನ ಸಹಕಾರ ಸಂಘದ ಬೈಲಾ ಪುಸ್ತಿಕೆ ಮರುಮುದ್ರಣಕ್ಕೆ ಹೋಗುತ್ತಿದೆ. ಕರಡು ತಿದ್ದುವ ಕೆಲಸ ನನ್ನದು. ಅದರಲ್ಲಿ ಹೀಗೊಂದು ವಾಕ್ಯವಿದೆ: "ಮೂರು ವರ್ಷ ಸದಸ್ಯತ್ವ ಪೂರೈಸಿದ ಸದಸ್ಯರು ಮತ್ತು ಸಂಘದ ಖಾಯಂ ನೌಕರರು ಅಥವಾ ಅವರ ಅವಲಂಬಿತರು ಒಳರೋಗಿಯಾಗಿ ಚಿಕಿತ್ಸೆ ಪಡೆದಲ್ಲಿ ಕ್ಷೇಮನಿಧಿಯಿಂದ ವರ್ಷಕ್ಕೆ ರೂ. 10,000 ಮೀರದಂತೆ ನೆರವು ನೀಡತಕ್ಕದ್ದು." ಅವಲಂಬಿತರು ಅಂದರೆ ನೌಕರರ ಮನೆಯವರು ಮಾತ್ರವೋ, ಸದಸ್ಯರ ಮನೆಯವರೂ ಸೇರಿಯೋ ಗೊತ್ತಾಗಲಿಲ್ಲ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಾಗೇ ಬಿಟ್ಟೆ. ಕಾರ್ಯದರ್ಶಿಗಳು ಫೋನ್ ಮಾಡಿ, "ತಪ್ಪು ಅಂತ ಗೊತ್ತಾದ ಮೇಲೆ ತಿದ್ದಬೇಕಿತ್ತಲ್ವಾ? ಅದಕ್ಕೇ ತಾನೆ ನಿಮಗೆ ಕೊಟ್ಟಿದ್ದು?" ಅಂದರು. ನಾನು ಮಾಡಿದ್ದು ಸರಿಯೇ? ಅವರಿಗೆ ಏನಂತ ಬರೆದು ತಿಳಿಸಲಿ?

ಉತ್ತರ: ತಿದ್ದದೆ ಬಿಟ್ಟಿದ್ದು ಸರಿ. ಆದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದು ಸಾಲದು. ಕಾರ್ಯದರ್ಶಿಗಳಿಗೆ ಆ ಚಿಹ್ನೆಯಿಂದ ತಿಳಿದದ್ದು ಇಷ್ಟೇ: ಇಲ್ಲೇನೋ ತಪ್ಪಿದೆ, ಇವರು ತಿದ್ದಿಲ್ಲ. ತಪ್ಪು ಯಾವ ಬಗೆಯದು, ತಿದ್ದಿದರೆ ಏನಾಗುತ್ತದೆ, ಈಗ ತಾವೇನು ಮಾಡಬೇಕು ಎಂಬುದು ಅವರಿಗೆ ಗೊತ್ತಾಗಿಲ್ಲ. ಅವರ ಸಿಟ್ಟಿಗೆ ಅದೇ ಕಾರಣ.

ಕರಡು ತಿದ್ದುವವರ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ಸರಳವಾದ ಒಂದು ಗೆರೆ ಇದೆ. ಒಂದು ತಪ್ಪಿಗೆ ಒಂದೇ ಒಂದು ತಿದ್ದುಪಡಿ ಸಾಧ್ಯವಿದ್ದರೆ ಅದನ್ನು ತಿದ್ದಬೇಕು. 'ಚಿಕೆತ್ಸೆ' ಎಂದು ಅಚ್ಚಾಗಿದ್ದರೆ ಅದು 'ಚಿಕಿತ್ಸೆ' ಆಗಬೇಕೇ ಹೊರತು ಬೇರೇನೂ ಆಗಲಾರದು. ಎರಡು ತಿದ್ದುಪಡಿ ಸಾಧ್ಯವಿದ್ದು, ಎರಡೂ ಕನ್ನಡವಾಗಿ ಸರಿಯಾಗಿದ್ದು, ಎರಡರ ಅರ್ಥ ಬೇರೆಯಾಗಿದ್ದರೆ ಅದನ್ನು ತಿದ್ದುವುದಲ್ಲ, ಕೇಳುವುದು. ಅಲ್ಲಿ ಒಂದನ್ನು ಆರಿಸಿದ ಗಳಿಗೆಯಲ್ಲೇ ನೀವು ಕರಡು ತಿದ್ದುವುದನ್ನು ಬಿಟ್ಟು ಬೈಲಾ ಬರೆಯತೊಡಗಿದಿರಿ ಎಂದರ್ಥ.

ನಿಮ್ಮ ವಾಕ್ಯದಲ್ಲಿ ಆ ಆಯ್ಕೆ ಎಷ್ಟು ಚಿಕ್ಕದು ನೋಡಿ. 'ಮೂರು ವರ್ಷ ಸದಸ್ಯತ್ವ ಪೂರೈಸಿದ ಸದಸ್ಯರು ಮತ್ತು ಸಂಘದ ಖಾಯಂ ನೌಕರರು, ಅಥವಾ ಅವರ ಅವಲಂಬಿತರು' ಎಂದು 'ಅಥವಾ'ದ ಹಿಂದೆ ಅಲ್ಪವಿರಾಮ ಹಾಕಿದರೆ, ಸದಸ್ಯರು ಮತ್ತು ನೌಕರರು ಒಂದು ಗುಂಪಾಗಿ ನಿಂತು, ಅವಲಂಬಿತರು ಆ ಇಡೀ ಗುಂಪಿಗೆ ಸೇರಿದವರಾಗುತ್ತಾರೆ. ಅದೇ ಅಲ್ಪವಿರಾಮವನ್ನು ಮುಂಚೆ ತಂದು 'ಮೂರು ವರ್ಷ ಸದಸ್ಯತ್ವ ಪೂರೈಸಿದ ಸದಸ್ಯರು, ಮತ್ತು ಸಂಘದ ಖಾಯಂ ನೌಕರರು ಅಥವಾ ಅವರ ಅವಲಂಬಿತರು' ಎಂದು ಬರೆದರೆ, ಅವಲಂಬಿತರು ನೌಕರರ ಕಡೆಗೆ ವಾಲುತ್ತಾರೆ. ಒಂದಕ್ಷರವೂ ಬದಲಾಗಿಲ್ಲ. ಕನ್ನಡದಲ್ಲಿ 'ಅವರ' ಎಂಬುದು ಹಿಂದೆ ಬಂದ ಯಾರನ್ನು ಹಿಡಿಯುತ್ತದೆ ಎಂದು ಹೇಳುವ ಗುರುತು ಆ ಪದದಲ್ಲೇ ಇಲ್ಲ. ಒಬ್ಬರಿಗೂ ಅದೇ, ಹಲವರಿಗೂ ಅದೇ, ವಾಕ್ಯದಲ್ಲಿ ಹತ್ತಿರ ಬಂದವರಿಗೂ ಅದೇ, ದೂರ ಬಂದವರಿಗೂ ಅದೇ. ಹೀಗಾಗಿ ಇಂಥ ಕಡೆ ವಿರಾಮಚಿಹ್ನೆಯೇ ತೀರ್ಪು ಕೊಟ್ಟುಬಿಡುತ್ತದೆ. "ಬರೀ ಒಂದು ಕಾಮಾ ತಾನೆ" ಎಂದು ಹಾಕುವವರು ಆ ತೀರ್ಪನ್ನು ತಮಗೆ ಗೊತ್ತಿಲ್ಲದೆಯೇ ಕೊಟ್ಟಿರುತ್ತಾರೆ.

ಇದು ಬರೀ ವ್ಯಾಕರಣದ ಚರ್ಚೆಯಲ್ಲ ಎಂಬುದಕ್ಕೆ ಕೆನಡಾದಲ್ಲಿ ನಡೆದ ಒಂದು ವ್ಯಾಜ್ಯ ಸಾಕ್ಷಿ. ರೋಜರ್ಸ್ ಮತ್ತು ಅಲಿಯಂಟ್ ಎಂಬ ಎರಡು ಕಂಪನಿಗಳ ನಡುವೆ ಕಂಬಗಳ ಮೇಲೆ ಕೇಬಲ್ ಎಳೆಯುವ ಬಗ್ಗೆ 2002ರಲ್ಲಿ ಕರಾರಾಗಿತ್ತು. ಕರಾರು ಐದು ವರ್ಷ ಇರತಕ್ಕದ್ದು, ಆಮೇಲೆ ಐದೈದು ವರ್ಷಕ್ಕೆ ಮುಂದುವರಿಯತಕ್ಕದ್ದು, ಒಂದು ವರ್ಷದ ಮುನ್ಸೂಚನೆ ಕೊಟ್ಟು ಯಾರಾದರೂ ಕೊನೆಗೊಳಿಸಿದರೆ ಹೊರತು ಎಂಬುದು ಅದರ ಒಂದು ವಾಕ್ಯದ ಸಾರ. ಕೊನೆಗೊಳಿಸುವ ಹಕ್ಕು ಮೊದಲ ಐದು ವರ್ಷಕ್ಕೂ ಇದೆಯೋ, ಮುಂದುವರಿದ ಅವಧಿಗೆ ಮಾತ್ರವೋ ಎಂಬುದೇ ಜಗಳ. 'ಹೊರತು' ಎಂಬ ಭಾಗದ ಮುಂಚೆ ಇದ್ದ ಅಲ್ಪವಿರಾಮವನ್ನು ಹಿಡಿದು, ಹಕ್ಕು ಮೊದಲ ಐದು ವರ್ಷಕ್ಕೂ ಅನ್ವಯಿಸುತ್ತದೆ ಎಂದು ಅಲ್ಲಿನ ದೂರಸಂಪರ್ಕ ಆಯೋಗ 2006ರಲ್ಲಿ ಹೇಳಿತು. ಮರುವರ್ಷ ಆ ಕರಾರಿಗೆ ಆಧಾರವಾಗಿದ್ದ ಮಾದರಿ ಕರಾರಿನ ಫ್ರೆಂಚ್ ಪಾಠವನ್ನು ನೋಡಿ, ಅದರಲ್ಲಿ ಈ ಗೊಂದಲ ಇಲ್ಲವೆಂದು ಕಂಡು, ತನ್ನ ನಿರ್ಧಾರವನ್ನು ತಿರುಗಿಸಿತು. ಆ ಅಲ್ಪವಿರಾಮವನ್ನು ಕರಡು ತಿದ್ದುವವರೊಬ್ಬರು ಸುಮ್ಮನೆ ತೆಗೆದಿದ್ದರೂ ಸುಮ್ಮನೆ ಸೇರಿಸಿದ್ದರೂ, ಕರಾರಿನ ಒಂದು ಪಕ್ಷಕ್ಕೆ ಗೊತ್ತೇ ಆಗದಂತೆ ಅದರ ಹಕ್ಕು ಬದಲಾಗುತ್ತಿತ್ತು. ಈ ವ್ಯಾಜ್ಯದಿಂದ ನಿಮ್ಮ ಕೆಲಸಕ್ಕೆ ನೇರವಾಗಿ ಬೇಕಾದ ಪ್ರಶ್ನೆಯೂ ಒಂದಿದೆ: ಈ ಬೈಲಾಕ್ಕೆ ಇಂಗ್ಲಿಷ್ ಪಾಠ ಇದೆಯೇ, ಇದ್ದರೆ ನೋಂದಣಿಯಾದದ್ದು ಯಾವುದು? ಎಷ್ಟೋ ಸಂಘಗಳಲ್ಲಿ ಎರಡೂ ಇರುತ್ತವೆ.

ಬೈಲಾದ ವಿಷಯದಲ್ಲಿ ಇನ್ನೂ ಗಟ್ಟಿಯಾದ ಕಾರಣವಿದೆ, ಕಾರ್ಯದರ್ಶಿಗಳು ಬೇಗ ಒಪ್ಪುವುದೂ ಇದನ್ನೇ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 12ನೇ ಪ್ರಕರಣದ ಪ್ರಕಾರ ಬೈಲಾದ ಯಾವುದೇ ತಿದ್ದುಪಡಿ ನಿಬಂಧಕರಲ್ಲಿ ನೋಂದಣಿಯಾಗುವವರೆಗೆ ಊರ್ಜಿತವಾಗುವುದಿಲ್ಲ. ಸದಸ್ಯರ ಸಭೆ ಒಪ್ಪಿ, ಪ್ರಸ್ತಾವ ಹೋಗಿ, ನೋಂದಣಿಯಾಗಿ ಬಂದದ್ದಷ್ಟೇ ಬೈಲಾ. ಪುಸ್ತಿಕೆ ಅದರ ನಕಲು ಮಾತ್ರ. ನಕಲಿನಲ್ಲಿ ನೀವು ವಾಕ್ಯವನ್ನು ಸ್ಪಷ್ಟಗೊಳಿಸಿದರೂ ಮೂಲ ಅಸ್ಪಷ್ಟವಾಗಿಯೇ ಉಳಿಯುತ್ತದೆ. ಆಮೇಲೆ ಸದಸ್ಯರೊಬ್ಬರು ಪುಸ್ತಿಕೆ ಹಿಡಿದು ನೆರವು ಕೇಳುತ್ತಾರೆ, ಸಂಘ ನೋಂದಾಯಿತ ಪ್ರತಿ ತೋರಿಸಿ ಇಲ್ಲವೆನ್ನುತ್ತದೆ, ವಿಷಯ 70ನೇ ಪ್ರಕರಣದ ಕೆಳಗೆ ವಿವಾದವಾಗಿ ನಿಬಂಧಕರ ಮುಂದೆ ಹೋಗಬಹುದು. ಎರಡು ಪಾಠ ಹೇಗೆ ಹುಟ್ಟಿದವು ಎಂದು ಅಲ್ಲಿ ಕೇಳಿದರೆ ಕಾರ್ಯದರ್ಶಿಗಳ ಬಳಿ ಉತ್ತರ ಇರುವುದಿಲ್ಲ, ಏಕೆಂದರೆ ಬದಲಾವಣೆ ಆದದ್ದೇ ಅವರಿಗೆ ಗೊತ್ತಿರುವುದಿಲ್ಲ.

ಇಷ್ಟು ಹೇಳಿದ ಮೇಲೂ ಟಿಪ್ಪಣಿ ಬರೆಯುವ ಮುನ್ನ ನೀವು ಮಾಡಬೇಕಾದ ಕೆಲಸವಿದೆ. ಅನುಮಾನ ನಿಜಕ್ಕೂ ಬೈಲಾದಲ್ಲಿದೆಯೋ, ನಿಮ್ಮ ಕೈಯಲ್ಲಿರುವ ಕರಡಿನಲ್ಲಿ ಮಾತ್ರವೋ ಎಂದು ಮೊದಲು ನೋಡಬೇಕು. ನಿಬಂಧಕರ ಕಚೇರಿಯ ಮೊಹರು ಇರುವ ಪ್ರತಿಯನ್ನು ತರಿಸಿ ಆ ವಾಕ್ಯವನ್ನು ಅಕ್ಷರಕ್ಕಕ್ಷರ ಹೋಲಿಸಿ. ಸಾಧ್ಯವಾದರೆ ಇನ್ನೊಬ್ಬರಿಂದ ಮೂಲವನ್ನು ಗಟ್ಟಿಯಾಗಿ ಓದಿಸಿ, ಅಲ್ಪವಿರಾಮ ಬಂದಲ್ಲಿ 'ಕಾಮಾ' ಎಂದು ಬಾಯಿಬಿಟ್ಟು ಹೇಳಿಸಿ, ನೀವು ಕರಡಿನ ಮೇಲೆ ಕಣ್ಣಿಡಿ. ಒಬ್ಬರೇ ಓದಿದರೆ ಮನಸ್ಸು ಅರ್ಥವನ್ನು ತುಂಬಿಕೊಂಡು ವಿರಾಮಚಿಹ್ನೆಯನ್ನು ದಾಟಿಬಿಡುತ್ತದೆ. ಹಳೆಯ ಬೈಲಾಗಳನ್ನು ನುಡಿ ಅಥವಾ ಬರಹದ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸಿದ್ದರೆ ಅರ್ಕಾವೊತ್ತು ಸ್ಥಳ ತಪ್ಪಿರಬಹುದು, ಕೆಲವು ಚಿಹ್ನೆ ಬೇರೆ ಅಕ್ಷರವಾಗಿ ಬಂದಿರಬಹುದು. ಹೊಸದಾಗಿ ಡಿಟಿಪಿ ಮಾಡಿಸಿದ್ದರೆ ಬೇರೆಯದೇ ತಪ್ಪು ಹುಡುಕಬೇಕು. ಒಂದೇ ಬಗೆಯ ಪದ ಹತ್ತಿರ ಹತ್ತಿರ ಎರಡು ಸಲ ಬಂದಾಗ ಟೈಪ್ ಮಾಡುವವರ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ, ನಡುವಿನದೆಲ್ಲ ಬಿಟ್ಟುಹೋಗುತ್ತದೆ. ನಿಮ್ಮ ವಾಕ್ಯದಲ್ಲಿ 'ಸದಸ್ಯತ್ವ, ಸದಸ್ಯರು' ಮತ್ತು 'ನೌಕರರು, ಅವರ, ಅವಲಂಬಿತರು' ಎಂದು ಹೋಲುವ ರೂಪಗಳು ಒತ್ತೊತ್ತಾಗಿವೆ. ಮೂಲದಲ್ಲಿ ಇಲ್ಲೊಂದು ಪದ ಹೆಚ್ಚಿಗೆ ಇದ್ದಿರುವುದು ಅಸಾಧ್ಯವೇನಲ್ಲ. ಹಾಗೇನಾದರೂ ಕಂಡರೆ ಪ್ರಶ್ನೆಯೇ ಉಳಿಯಲಿಲ್ಲ. ಮೂಲದಂತೆ ತಿದ್ದಿ, ಅದು ಪೂರ್ತಿ ನಿಮ್ಮ ಕೆಲಸ.

ಮೂಲದಲ್ಲೂ ಹೀಗೇ ಇದ್ದರೆ ಮುಂದಿನ ಹುಡುಕಾಟ ಪುಸ್ತಿಕೆಯೊಳಗೇ. ಬೈಲಾದ ಆರಂಭದಲ್ಲಿ ವ್ಯಾಖ್ಯೆಗಳ ಭಾಗ ಇರುತ್ತದೆ. ಅಲ್ಲಿ 'ಅವಲಂಬಿತರು' ಎಂಬುದಕ್ಕೆ ಅರ್ಥ ಹೇಳಿದೆಯೇ, ಮರಣನಿಧಿ ಅಥವಾ ಪ್ರತಿಭಾ ಪುರಸ್ಕಾರದಂಥ ಬೇರೆ ನಿಯಮಗಳಲ್ಲಿ ಅದೇ ಪದ ಯಾರ ಜೊತೆ ಬಂದಿದೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ, ಬಹಳ ಜನ ಮರೆಯುವ ಒಂದು ಹೆಜ್ಜೆ: ಈ ನಿಯಮಕ್ಕೆ ಹಿಂದೆ ತಿದ್ದುಪಡಿ ಆಗಿದೆಯೇ ಎಂದು ಕೇಳಿ. ನಿಮ್ಮ ವಾಕ್ಯದಿಂದ 'ಮತ್ತು ಸಂಘದ ಖಾಯಂ ನೌಕರರು' ಎಂಬಷ್ಟನ್ನು ತೆಗೆದು ಓದಿ ನೋಡಿ. 'ಮೂರು ವರ್ಷ ಸದಸ್ಯತ್ವ ಪೂರೈಸಿದ ಸದಸ್ಯರು ಅಥವಾ ಅವರ ಅವಲಂಬಿತರು' ಎಂದು ಯಾವ ಗೊಂದಲವೂ ಇಲ್ಲದ ವಾಕ್ಯ ಉಳಿಯುತ್ತದೆ. ಇಂಥ ವಾಕ್ಯಗಳು ಅನೇಕ ಸಲ ಕೆಡುವುದು ಹೀಗೆಯೇ. ಮೊದಲು ಬರೆದವರು ಸ್ಪಷ್ಟವಾಗಿ ಬರೆದಿರುತ್ತಾರೆ, ಎಷ್ಟೋ ವರ್ಷದ ನಂತರ ಇನ್ನೊಂದು ವರ್ಗವನ್ನು ಮಧ್ಯದಲ್ಲಿ ತುರುಕಲಾಗುತ್ತದೆ, ಹಿಂದಿನ 'ಅವರ' ಯಾರದೋ ಆಗಿಬಿಡುತ್ತದೆ. ನಿಮ್ಮ ಬೈಲಾದಲ್ಲೂ ಹಾಗೇ ಆಗಿದೆ ಎಂದು ಊಹಿಸಿ ಬರೆಯಬೇಡಿ. ತಿದ್ದುಪಡಿಯ ನೋಂದಣಿ ಪ್ರತಿ ಸಂಘದ ಕಡತದಲ್ಲಿ ಇದ್ದರೆ ಅದೇ ಹೇಳುತ್ತದೆ.

ಇಷ್ಟಾದ ಮೇಲೆ ಕೊನೆಯ ಪರೀಕ್ಷೆ. ಎರಡು ಅರ್ಥದಲ್ಲಿ ಬೇರೆ ಬೇರೆ ಫಲ ಕೊಡುವ ಒಂದು ನಿಜಜೀವನದ ಸನ್ನಿವೇಶವನ್ನು ಬರೆಯಲು ಸಾಧ್ಯವೇ ನೋಡಿ. ಸಾಧ್ಯವಾಗದಿದ್ದರೆ ಅದು ಟಿಪ್ಪಣಿಗೆ ತಕ್ಕ ಅನುಮಾನವಲ್ಲ. ನಿಮ್ಮದರಲ್ಲಿ ಸುಲಭವಾಗಿ ಸಾಧ್ಯ. ನಾಲ್ಕು ವರ್ಷದಿಂದ ಸದಸ್ಯರಾಗಿರುವ ಒಬ್ಬರ ತಾಯಿ ಆಸ್ಪತ್ರೆಗೆ ದಾಖಲಾಗಿ 18,000 ರೂಪಾಯಿ ಬಿಲ್ ಆಯಿತು ಎಂದುಕೊಳ್ಳಿ. ಅವಲಂಬಿತರು ಇಬ್ಬರ ಕಡೆಯವರೂ ಎಂದು ಓದಿದರೆ ಅವರಿಗೆ 10,000 ರೂಪಾಯಿವರೆಗೆ ನೆರವು ಸಿಗುತ್ತದೆ. ನೌಕರರ ಕಡೆಯವರು ಮಾತ್ರ ಎಂದು ಓದಿದರೆ ಒಂದು ರೂಪಾಯಿಯೂ ಇಲ್ಲ. ಅದೇ ತಾಯಿ ಖಾಯಂ ನೌಕರರೊಬ್ಬರ ತಾಯಿಯಾಗಿದ್ದರೆ ಎರಡೂ ಓದಿನಲ್ಲಿ ನೆರವು ಸಿಗುತ್ತದೆ. ಸದಸ್ಯರ ಸಂಖ್ಯೆ ಸಾವಿರ ದಾಟಿ ನೌಕರರು ಹತ್ತು ಹದಿನೈದು ಜನ ಇರುವ ಸಂಘದಲ್ಲಿ, ಕ್ಷೇಮನಿಧಿಯ ಮೇಲೆ ಬೀಳುವ ಹೊರೆ ಈ ಎರಡು ಓದಿನ ನಡುವೆ ಎಷ್ಟು ಬದಲಾಗುತ್ತದೆ ಎಂದು ಕಾರ್ಯದರ್ಶಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇದೇ ಪರೀಕ್ಷೆ ಬೇಡದ ಅನುಮಾನಗಳನ್ನು ಜರಡಿ ಹಿಡಿಯುತ್ತದೆ. 'ಮೂರು ವರ್ಷ ಪೂರೈಸಿದ' ಎಂಬ ಷರತ್ತು ನೌಕರರಿಗೂ ಅನ್ವಯವೇ ಎಂದು ಯಾರಾದರೂ ಕೇಳಬಹುದು. ಆದರೆ ಪೂರೈಸಬೇಕಾದದ್ದು 'ಸದಸ್ಯತ್ವ' ಎಂದು ವಾಕ್ಯವೇ ಹೇಳಿರುವುದರಿಂದ ಆ ಷರತ್ತು ಸದಸ್ಯರಲ್ಲೇ ನಿಲ್ಲುತ್ತದೆ. ಅದನ್ನು ಕೆದಕಬೇಡಿ. 'ಖಾಯಂ' ಸರಿಯೋ 'ಕಾಯಂ' ಸರಿಯೋ ಎಂಬುದೂ ಹಾಗೆಯೇ. ನೋಂದಾಯಿತ ಪ್ರತಿಯಲ್ಲಿ 'ಖಾಯಂ' ಇದ್ದರೆ 'ಖಾಯಂ' ಇರಲಿ. ಆದರೆ '10,000 ಮೀರದಂತೆ' ಎಂಬುದು ಒಬ್ಬೊಬ್ಬರಿಗೋ, ಒಂದು ಕುಟುಂಬಕ್ಕೋ ಎಂಬುದು ನಿಜವಾದ ಪ್ರಶ್ನೆ. ನಿಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ ಎಂದು ಕಾಣುತ್ತದೆ. ಒಂದೇ ಮನೆಯಲ್ಲಿ ಸದಸ್ಯರೂ ಅವರ ತಾಯಿಯೂ ಒಂದೇ ವರ್ಷ ಆಸ್ಪತ್ರೆ ಸೇರಿದರೆ ಹತ್ತು ಸಾವಿರವೋ ಇಪ್ಪತ್ತು ಸಾವಿರವೋ ಎಂದು ವಾಕ್ಯ ಹೇಳುವುದಿಲ್ಲ. ಇದನ್ನೂ ಟಿಪ್ಪಣಿಯಲ್ಲಿ ಸೇರಿಸಿ, ಆದರೆ ಚಿಕ್ಕದಾಗಿ.

ಇನ್ನು ಟಿಪ್ಪಣಿ. ಅರ್ಧ ಪುಟಕ್ಕಿಂತ ಹೆಚ್ಚು ಬೇಡ. ಮೂಲದಲ್ಲೂ ವಾಕ್ಯ ಹೀಗೇ ಇದೆ ಎಂದಿಟ್ಟುಕೊಂಡರೆ ಅದು ಹೀಗಿರಬಹುದು. ಪುಟಸಂಖ್ಯೆಗಳನ್ನು ನಿಮ್ಮ ಕರಡಿನಂತೆ ಬದಲಿಸಿಕೊಳ್ಳಿ:

> ಮಾನ್ಯ ಕಾರ್ಯದರ್ಶಿಗಳೇ,
>
> ಬೈಲಾ ಪುಸ್ತಿಕೆಯ ಎರಡನೇ ಕರಡು, ಪುಟ 17, ಕ್ಷೇಮನಿಧಿ ನಿಯಮದ ಮೊದಲ ವಾಕ್ಯವನ್ನು ತಿದ್ದಿಲ್ಲ. ತಾವು ಕೊಟ್ಟ ನೋಂದಾಯಿತ ಪ್ರತಿಯಲ್ಲೂ ಅದು ಅಕ್ಷರಶಃ ಹೀಗೇ ಇದೆ, ಮುದ್ರಣದ ತಪ್ಪಲ್ಲ.
>
> ಅನುಮಾನ: "ಸದಸ್ಯರು ಮತ್ತು ಸಂಘದ ಖಾಯಂ ನೌಕರರು ಅಥವಾ ಅವರ ಅವಲಂಬಿತರು" ಎಂಬಲ್ಲಿ ಅವಲಂಬಿತರು ಯಾರ ಕಡೆಯವರು ಎಂಬುದಕ್ಕೆ ಎರಡು ಅರ್ಥ ಬರುತ್ತದೆ.
>
> (ಅ) ಸದಸ್ಯರ ಮತ್ತು ನೌಕರರ, ಇಬ್ಬರ ಅವಲಂಬಿತರು.
> (ಆ) ನೌಕರರ ಅವಲಂಬಿತರು ಮಾತ್ರ.
>
> ಉದಾಹರಣೆಗೆ, ನಾಲ್ಕು ವರ್ಷದ ಸದಸ್ಯರೊಬ್ಬರ ತಾಯಿಯ ಆಸ್ಪತ್ರೆ ವೆಚ್ಚ ರೂ. 18,000 ಆದರೆ, (ಅ) ಪ್ರಕಾರ ರೂ. 10,000ದವರೆಗೆ ನೆರವು ಸಲ್ಲುತ್ತದೆ. (ಆ) ಪ್ರಕಾರ ಏನೂ ಸಲ್ಲುವುದಿಲ್ಲ.
>
> ಪುಟ 3ರ ವ್ಯಾಖ್ಯೆಗಳಲ್ಲಿ 'ಅವಲಂಬಿತರು' ಎಂಬ ಪದಕ್ಕೆ ಅರ್ಥ ಕೊಟ್ಟಿಲ್ಲ. ಪುಟ 19ರ ಮರಣನಿಧಿ ನಿಯಮದಲ್ಲಿ 'ಸದಸ್ಯರ ಅವಲಂಬಿತರು' ಎಂದಿದೆ.
>
> ಇದೇ ವಾಕ್ಯದಲ್ಲಿ ರೂ. 10,000ದ ಮಿತಿ ಒಬ್ಬ ವ್ಯಕ್ತಿಗೋ, ಒಂದು ಕುಟುಂಬಕ್ಕೋ ಎಂಬುದೂ ಸ್ಪಷ್ಟವಿಲ್ಲ.
>
> ಒಂದು ಅಲ್ಪವಿರಾಮ ಸೇರಿಸಿದರೂ ನಿಯಮದ ಅರ್ಥ ಒಂದು ಕಡೆಗೆ ನಿಲ್ಲುತ್ತದೆ. ಅದನ್ನು ನಿರ್ಧರಿಸುವುದು ಸಂಘಕ್ಕೆ ಸೇರಿದ್ದು, ಬೈಲಾ ತಿದ್ದುಪಡಿಯ ಕ್ರಮದಲ್ಲೇ ಆಗಬೇಕಾದದ್ದು. ಆದ್ದರಿಂದ ಹಾಗೇ ಉಳಿಸಿದ್ದೇನೆ.
>
> ದಯವಿಟ್ಟು ತಿಳಿಸಿ: 1. ಈ ನಿಯಮಕ್ಕೆ ನಂತರ ತಿದ್ದುಪಡಿ ನೋಂದಣಿಯಾಗಿದೆಯೇ? ಆಗಿದ್ದರೆ ಅದರ ಪ್ರತಿ ಕಳಿಸಿ, ಅದರಂತೆ ಸರಿಪಡಿಸುತ್ತೇನೆ. 2. ಆಗಿಲ್ಲವಾದರೆ ಈಗಿರುವಂತೆಯೇ ಮುದ್ರಿಸಬಹುದೇ?
>
> ಶುಕ್ರವಾರ ಸಂಜೆಯೊಳಗೆ ಉತ್ತರ ಬಾರದಿದ್ದರೆ ನೋಂದಾಯಿತ ಪ್ರತಿಯಲ್ಲಿರುವಂತೆಯೇ ಉಳಿಸಿ ಕರಡನ್ನು ಮುದ್ರಣಾಲಯಕ್ಕೆ ಒಪ್ಪಿಸುತ್ತೇನೆ.

ಇದರಲ್ಲಿ ಏನೇನು ಇಲ್ಲ ಎಂಬುದನ್ನೂ ಗಮನಿಸಿ. 'ವಾಕ್ಯ ತಪ್ಪಾಗಿದೆ' ಎಂದು ಎಲ್ಲೂ ಹೇಳಿಲ್ಲ. ವ್ಯಾಕರಣದ ಪ್ರಕಾರ ಅದು ತಪ್ಪೂ ಅಲ್ಲ. 'ತಪ್ಪು' ಎಂದ ಕೂಡಲೇ 'ಹಾಗಾದರೆ ತಿದ್ದಿ' ಎಂಬ ಮಾತು ತಾನಾಗಿ ಬರುತ್ತದೆ. ನಿಮ್ಮ ಕಾರ್ಯದರ್ಶಿಗಳ ಬಾಯಿಂದ ಬಂದದ್ದೂ ಅದೇ. 'ಅಸ್ಪಷ್ಟವಾಗಿದೆ, ಪರಿಶೀಲಿಸಿ' ಎಂಬ ಒಂದು ಸಾಲಿನ ಟಿಪ್ಪಣಿಯೂ ಕೆಲಸಕ್ಕೆ ಬರುವುದಿಲ್ಲ. ಬೈಲಾದ ಜೊತೆ ವರ್ಷಗಟ್ಟಲೆ ಬಾಳಿದವರಿಗೆ ಅದರ ಒಂದು ಅರ್ಥ ಎಷ್ಟು ರೂಢಿಯಾಗಿರುತ್ತದೆಂದರೆ ಇನ್ನೊಂದು ಅರ್ಥ ಕಣ್ಣಿಗೇ ಬೀಳುವುದಿಲ್ಲ. "ಸ್ಪಷ್ಟವಾಗೇ ಇದೆಯಲ್ಲ" ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ. ಎರಡು ಅರ್ಥವನ್ನು ಬಿಡಿಸಿ ಬರೆದು, ಹಣದ ಲೆಕ್ಕದಲ್ಲಿ ತೋರಿಸಿದಾಗ ಮಾತ್ರ ಅದು ಕಾಣುತ್ತದೆ.

ಯಾವ ಅರ್ಥ ಸರಿ ಎಂಬ ನಿಮ್ಮ ಅಭಿಪ್ರಾಯವೂ ಟಿಪ್ಪಣಿಯಲ್ಲಿಲ್ಲ. ಪುಟ 19ರಲ್ಲಿ ಹೀಗಿದೆ ಎಂದು ಸಾಕ್ಷ್ಯ ಮುಂದಿಟ್ಟಿದೆ, ಅದರಿಂದ ತೀರ್ಮಾನ ತೆಗೆದಿಲ್ಲ. ಮರಣನಿಧಿಯಲ್ಲಿ ಸದಸ್ಯರ ಅವಲಂಬಿತರು ಇದ್ದಾರೆಂದರೆ ಇಲ್ಲೂ ಅವರೇ ಇರಬೇಕು ಎಂದು ಒಬ್ಬರು ವಾದಿಸಬಹುದು. ಅಲ್ಲಿ ಬಿಡಿಸಿ ಬರೆದವರು ಇಲ್ಲಿ ಬರೆದಿಲ್ಲವೆಂದರೆ ಬೇಕೆಂದೇ ಬಿಟ್ಟಿದ್ದಾರೆ ಎಂದು ಇನ್ನೊಬ್ಬರು ವಾದಿಸಬಹುದು. ಅದು ಸಂಘದ ವಕೀಲರ ಜಾಗ. ಇಷ್ಟು ದಿನ ಸಂಘ ಯಾರಿಗೆ ನೆರವು ಕೊಟ್ಟಿದೆ ಎಂಬ ಪ್ರಶ್ನೆಯನ್ನೂ ಬರವಣಿಗೆಯಲ್ಲಿ ಕೇಳದಿರುವುದು ಒಳ್ಳೆಯದು. ಕೊಟ್ಟದ್ದು ಒಂದು ಅರ್ಥದಂತೆ, ಬೈಲಾ ಇನ್ನೊಂದು ಅರ್ಥದಂತೆ ಎಂದಾದರೆ ಆ ವಿಷಯ ಲೆಕ್ಕಪರಿಶೋಧನೆಗೆ ಹೋಗುವಂಥದ್ದು, ಕರಡಿನ ಅಂಚಿಗೆ ಬರುವಂಥದ್ದಲ್ಲ.

ಗಡುವಿನ ಸಾಲು ಸಣ್ಣದಾಗಿ ಕಂಡರೂ ಬಿಡಬೇಡಿ. ವಾರ್ಷಿಕ ಮಹಾಸಭೆಗೆ ಮುಂಚೆ ಪುಸ್ತಿಕೆ ಕೈಗೆ ಬರಬೇಕೆಂಬ ಆತುರ ಎಲ್ಲ ಸಂಘಗಳಲ್ಲೂ ಇರುತ್ತದೆ. ಉತ್ತರ ಬಾರದೆ ಕೆಲಸ ನಿಂತರೆ ತಡವಾದದ್ದು ನಿಮ್ಮಿಂದ ಎಂದಾಗುತ್ತದೆ, ಆ ಒತ್ತಡದಲ್ಲೇ ಯಾರೋ ಒಬ್ಬರು ವಾಕ್ಯವನ್ನು 'ಸರಿ' ಮಾಡಿಬಿಡುತ್ತಾರೆ. ಉತ್ತರ ಬಾರದಿದ್ದರೆ ಏನಾಗುತ್ತದೆ ಎಂದು ಮೊದಲೇ ಬರೆದಿಟ್ಟರೆ, ಏನೂ ಆಗದಿದ್ದಾಗಲೂ ನಡೆಯುವುದು ಸುರಕ್ಷಿತವಾದದ್ದೇ.

ಟಿಪ್ಪಣಿಯನ್ನು ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಕಾಗದದ ಕರಡಿನಲ್ಲಾದರೆ ಅಂಚಿನಲ್ಲಿ 'ಪ್ರಶ್ನೆ 1, ಪತ್ರ ನೋಡಿ' ಎಂದಷ್ಟೇ ಬರೆದು ಸುತ್ತ ಗೆರೆ ಎಳೆದುಬಿಡಿ. ಸುತ್ತು ಹಾಕಿದ ಬರಹ ಅಚ್ಚಿಗಲ್ಲ ಎಂಬುದು ಹಳೆಯ ರೂಢಿ. ಸುತ್ತು ಹಾಕದ ಬರಹವನ್ನು ಡಿಟಿಪಿಯವರು ತಿದ್ದುಪಡಿ ಎಂದು ತಿಳಿದು ಪಠ್ಯದೊಳಗೆ ಸೇರಿಸಿದ ಪುಸ್ತಕಗಳು ಮಾರುಕಟ್ಟೆಗೆ ಬಂದದ್ದುಂಟು. ವಾಕ್ಯದ ಕೆಳಗೆ ಚುಕ್ಕಿ ಸಾಲು ಎಳೆದರೆ 'ಹಾಗೇ ಇರಲಿ' ಎಂದರ್ಥ. ಮುದ್ರಣಾಲಯದವರು ಸ್ಟೆಟ್ ಎನ್ನುವುದು ಇದಕ್ಕೇ. ಇಂಥ ವಾಕ್ಯಕ್ಕೆ ಅದನ್ನು ಮರೆಯದೆ ಹಾಕಿ, ಏಕೆಂದರೆ ನಿಮ್ಮ ನಂತರ ಕರಡು ನೋಡುವವರಿಗೂ ಅದೇ ಅನುಮಾನ ಬಂದು ಅವರು ತಿದ್ದಿಬಿಡಬಹುದು.

ಕಡತ ವರ್ಡ್‌ನಲ್ಲಿದ್ದರೆ ಅಪಾಯ ಬೇರೆ ಬಗೆಯದು. ಬದಲಿ ವಾಕ್ಯವನ್ನು ತೋರಿಸಲೆಂದು Track Changes ಹಾಕಿಕೊಂಡು ಪಠ್ಯದಲ್ಲೇ ಟೈಪ್ ಮಾಡಬೇಡಿ. ಕಾಗುಣಿತದ ನೂರಾರು ತಿದ್ದುಪಡಿಯ ನಡುವೆ ಅದೂ ಒಂದಾಗಿ ಕೂತಿರುತ್ತದೆ. ಸಂಘದವರು ಒಂದೊಂದನ್ನೂ ನೋಡದೆ Accept All Changes ಒತ್ತಿದರೆ ನಿಮ್ಮ ಸಲಹೆ ಬೈಲಾ ಆಗಿಬಿಡುತ್ತದೆ. ವಾಕ್ಯವನ್ನು ಆರಿಸಿ Ctrl+Alt+M ಒತ್ತಿ ಕಾಮೆಂಟ್ ಹಾಕಿ. ಗೂಗಲ್ ಡಾಕ್ಸ್‌ನಲ್ಲೂ ಅದೇ ಕೀಲಿಗಳು. ಪಠ್ಯ ಮುಟ್ಟಿಲ್ಲವಾದ್ದರಿಂದ ಯಾರು ಏನು ಒತ್ತಿದರೂ ವಾಕ್ಯ ಹಾಗೇ ಉಳಿಯುತ್ತದೆ. ಪೂರ್ತಿ ಟಿಪ್ಪಣಿಯನ್ನು ಮಾತ್ರ ಪ್ರತ್ಯೇಕ ಪತ್ರವಾಗಿ ಇಮೇಲ್‌ನಲ್ಲಿ ಕಳಿಸಿ. ಕಡತವನ್ನು ಅಂತಿಮಗೊಳಿಸುವಾಗ ಕಾಮೆಂಟುಗಳು ಅಳಿಸಿಹೋಗುತ್ತವೆ, ಪತ್ರ ಉಳಿಯುತ್ತದೆ.

ಪತ್ರ ತಲುಪಿದ ಮೇಲೆ ಹೆಚ್ಚಾಗಿ ಬರುವುದು ಫೋನ್. "ಅಯ್ಯೋ, ಅದು ಇಬ್ಬರಿಗೂ ಅಂತಾನೇ ಇರೋದು, ನೀವು ಹಾಗೇ ಮಾಡಿಬಿಡಿ" ಎನ್ನುತ್ತಾರೆ. ಮಾತು ಮುಗಿದ ಕೂಡಲೇ ಒಂದು ಸಂದೇಶ ಕಳಿಸಿ: "ಪುಟ 17ರ ವಾಕ್ಯವನ್ನು (ಅ) ಅರ್ಥ ಬರುವಂತೆ ಬದಲಿಸಲು ಹೇಳಿದ್ದೀರಿ. ಪುಸ್ತಿಕೆ ನೋಂದಾಯಿತ ಪ್ರತಿಗಿಂತ ಬೇರೆಯಾಗುತ್ತದೆ. ಅಧ್ಯಕ್ಷರ ಅಥವಾ ತಮ್ಮ ಸಹಿಯೊಂದಿಗೆ ಒಪ್ಪಿಗೆ ಕಳಿಸಿದರೆ ಮುಂದುವರಿಯುತ್ತೇನೆ." ಇದು ಮುಖ ಮುರಿದ ಹಾಗಾಗುತ್ತದೆ ಎಂದು ಹಿಂಜರಿಯಬೇಡಿ. ಸಹಿ ಹಾಕುವ ಮುಂಚೆ ಅವರು ಅಧ್ಯಕ್ಷರನ್ನೋ ವಕೀಲರನ್ನೋ ಕೇಳುತ್ತಾರೆ, ಆಗ ಸರಿಯಾದ ದಾರಿ ಅವರಿಗೇ ಗೊತ್ತಾಗುತ್ತದೆ. ಸಹಿ ಸಮೇತ ಒಪ್ಪಿಗೆ ಬಂದರೂ ಅಂಥ ಪುಸ್ತಿಕೆಯ ಮೇಲೆ 'ನೋಂದಾಯಿತ ಬೈಲಾ' ಎಂಬ ಶೀರ್ಷಿಕೆ ಹಾಕುವುದು ಸರಿಯಲ್ಲ ಎಂದು ಒಂದು ಸಾಲು ಬರೆದು ತಿಳಿಸಿ. ಆವರಣದಲ್ಲಿ '(ಸದಸ್ಯರ ಮತ್ತು ನೌಕರರ)' ಎಂದು ಸೇರಿಸುವುದು, ಅಡಿಟಿಪ್ಪಣಿಯಲ್ಲಿ ವಿವರಣೆ ಕೊಡುವುದು ಎಂಬ ನಡುದಾರಿಗಳೂ ಸೂಚನೆಯಾಗಿ ಬರುತ್ತವೆ. ಓದುವವರಿಗೆ ಅದೂ ಬೈಲಾದ ಭಾಗವೆಂದೇ ಕಾಣುವುದರಿಂದ ಅವುಗಳಿಗೂ ಇದೇ ಉತ್ತರ.

ಮುಂದಿನ ಮಹಾಸಭೆಯಲ್ಲಿ ತಿದ್ದುಪಡಿ ತರುತ್ತೇವೆ, ವಾಕ್ಯ ಹೇಗಿರಬೇಕು ಎಂದು ಅವರೇ ಕೇಳಿದರೆ ಆಗ ಧಾರಾಳವಾಗಿ ಕೊಡಿ. ಅದು ಬೇರೆ ಕೆಲಸ, ಅದಕ್ಕೆ ನಿಮಗೆ ಅರ್ಹತೆಯೂ ಇದೆ. 'ಅವರ' ಎಂಬ ಪದವನ್ನೇ ಕೈಬಿಟ್ಟು ಯಾರು ಯಾರು ಎಂದು ಎಣಿಸಿ ಬರೆಯಿರಿ, ಎರಡು ಅರ್ಥಕ್ಕೂ ಒಂದೊಂದು ಪಾಠ ಕೊಡಿ. ಇಬ್ಬರ ಕಡೆಯವರೂ ಎಂದಾದರೆ: "(1) ಮೂರು ವರ್ಷ ಸದಸ್ಯತ್ವ ಪೂರೈಸಿದ ಸದಸ್ಯರು, (2) ಸಂಘದ ಖಾಯಂ ನೌಕರರು, (3) ಮೇಲಿನ (1) ಮತ್ತು (2)ರಲ್ಲಿ ಹೇಳಿದವರ ಅವಲಂಬಿತರು, ಇವರಲ್ಲಿ ಯಾರೇ ಒಳರೋಗಿಯಾಗಿ ಚಿಕಿತ್ಸೆ ಪಡೆದಲ್ಲಿ". ನೌಕರರ ಕಡೆಯವರು ಮಾತ್ರ ಎಂದಾದರೆ ಮೂರನೆಯದನ್ನು "(3) ಮೇಲಿನ (2)ರಲ್ಲಿ ಹೇಳಿದವರ ಅವಲಂಬಿತರು" ಎಂದು ಬದಲಿಸಿದರೆ ಸಾಕು. ಮಿತಿಯ ಮುಂದೆ 'ಪ್ರತಿ ವ್ಯಕ್ತಿಗೆ' ಅಥವಾ 'ಪ್ರತಿ ಕುಟುಂಬಕ್ಕೆ' ಎಂದು ಸೇರಿಸಲು ಜಾಗ ಬಿಡಿ. ಎರಡು ಪಾಠವನ್ನೂ ಅಕ್ಕಪಕ್ಕ ಇಟ್ಟು ಕಳಿಸಿ, ವಕೀಲರಿಗೆ ತೋರಿಸಿ ಎಂದು ಬರೆಯಿರಿ.

ವಾಕ್ಯ ಇರುವುದು ಇನ್ನೂ ಸಹಿಯಾಗದ ಕರಾರಿನ ಕರಡಿನಲ್ಲೋ, ಲೇಖನದಲ್ಲೋ ಆಗಿದ್ದರೆ ನೋಂದಣಿಯ ಮಾತು ಬರುವುದಿಲ್ಲ. ಬರೆದವರನ್ನು ಕೇಳಿ ಅಂದೇ ಬದಲಿಸಬಹುದು. ಅಲ್ಲೂ ಕೇಳದೆ ಆರಿಸುವಂತಿಲ್ಲ ಎಂಬುದು ಮಾತ್ರ ಹಾಗೇ ಉಳಿಯುತ್ತದೆ. ಇಂಥ ಫೋನ್ ಕರೆ ಮತ್ತೆ ಬಾರದಿರಲು ಮುಂದಿನ ಕೆಲಸ ಒಪ್ಪಿಕೊಳ್ಳುವಾಗಲೇ ದರದ ಪತ್ರದಲ್ಲಿ ಒಂದು ಸಾಲು ಸೇರಿಸಿ: "ಅರ್ಥ ಬದಲಾಗುವ ಕಡೆ ತಿದ್ದುವುದಿಲ್ಲ, ಪ್ರಶ್ನೆಯಾಗಿ ಬರೆದು ಕೊಡಲಾಗುವುದು." ಸದ್ಯಕ್ಕೆ ಈ ಸಂಘಕ್ಕೆ ಬರೆದ ಪತ್ರ, ಅವರ ಉತ್ತರ, ಆ ಪುಟದ ಕರಡು ಮತ್ತು ನೋಂದಾಯಿತ ಪ್ರತಿಯ ಅದೇ ಪುಟದ ನಕಲು, ನಾಲ್ಕನ್ನೂ ಒಂದೇ ಕಡೆ ಸೇರಿಸಿ ತೆಗೆದಿಡಿ. ಪುಸ್ತಿಕೆ ಅಚ್ಚಾಗಿ ಬಂದ ದಿನ ಪುಟ 17ನ್ನು ಮತ್ತೊಮ್ಮೆ ಆ ನಕಲಿನ ಜೊತೆ ಹೋಲಿಸಿ ನೋಡಿ. ಕೊನೆಯ ಕರಡಿನ ನಂತರ ಮುದ್ರಣಾಲಯದಲ್ಲಿ ಸೇರಿಕೊಳ್ಳುವ ಅಲ್ಪವಿರಾಮ ಅಲ್ಲಿ ಮಾತ್ರ ಕಾಣುತ್ತದೆ.